ದೋಣಿಯ ಪಂಪಿನ ವಯರ್ ಜೋಡಣೆ ಎರಡೇ ತಿಂಗಳಲ್ಲಿ ಕಿಲುಬು ಹಿಡಿಯುತ್ತಿದೆ: ಬೆಸುಗೆ, ಸ್ಲೀವ್ ಗೊತ್ತಿರುವವರು ದಯವಿಟ್ಟು ಹೇಳಿ

ಬೈತಖೋಲ ಬಂದರು · ಜುಲೈ 6, ಸಂಜೆ

ನಮ್ಮದು ಕಾರವಾರದ ಬೈತಖೋಲದಲ್ಲಿ ನಿಲ್ಲುವ ಟ್ರಾಲ್ ದೋಣಿ. ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವುದರಿಂದ ದೋಣಿ ಕಟ್ಟಿಹಾಕಿ ರಿಪೇರಿ ಮಾಡುತ್ತಿದ್ದೇವೆ. ತಳದಲ್ಲಿ ಸೇರುವ ನೀರನ್ನು ಹೊರಹಾಕುವ 12 ವೋಲ್ಟಿನ ಪಂಪ್ ಒಂದಿದೆ. ಅದರ ವಯರ್ ಜೋಡಣೆಯನ್ನು ಕಳೆದ ವರ್ಷದಲ್ಲಿ ಮೂರು ಸಲ ಮಾಡಿದ್ದೇನೆ. ಪ್ರತಿ ಸಲವೂ ಎರಡು ತಿಂಗಳಲ್ಲಿ ಪಂಪ್ ನಿಧಾನವಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ.

ನಿನ್ನೆ ಟೇಪ್ ಬಿಚ್ಚಿದೆ. ಒಳಗೆ ಹಸಿರು ಕಿಲುಬು, ಅದರ ಮೇಲೆ ಬಿಳಿ ಪುಡಿ. ಬೆರಳಿನಿಂದ ಬಗ್ಗಿಸಿದರೆ ಎಳೆಗಳು ಪುಡಿಯಾಗಿ ಉದುರುತ್ತವೆ. ನಾನು ಮಾಡಿದ ಕ್ರಮ ಹೇಳುತ್ತೇನೆ: ಎರಡೂ ವಯರುಗಳನ್ನು ಹೊಸೆದು, ಡಬ್ಬಿಯಲ್ಲಿ ಸಿಗುವ ಪೇಸ್ಟ್ ಹಚ್ಚಿ, 25 ವ್ಯಾಟಿನ ಐರನ್ನಿನ ತುದಿಯಲ್ಲಿ ಸೋಲ್ಡರ್ ಕರಗಿಸಿ ಜೋಡಣೆಯ ಮೇಲೆ ಬಿಟ್ಟೆ. ಮೇಲಿಂದ ಕಪ್ಪು ಟೇಪನ್ನು ನಾಲ್ಕು ಸುತ್ತು ಸುತ್ತಿದೆ. ಈ ಸಲ ಟೇಪ್ ಬಿಟ್ಟು ಹೀಟ್ ಶ್ರಿಂಕ್ ಸ್ಲೀವ್ ಹಾಕಬೇಕೆಂದಿದ್ದೇನೆ. ಅದೊಂದನ್ನು ಬದಲಾಯಿಸಿದರೆ ಸಾಕೇ?

ಕುಮಟಾ ಆಟೊ ವಯರಿಂಗ್ · ಜುಲೈ 6, ರಾತ್ರಿ

ಸ್ಲೀವ್ ಹಾಕಿ, ಟೇಪ್ ಬೇಡವೇ ಬೇಡ. ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಆ ಸಂದಿಯಲ್ಲಿ ನೀರು ನಿಲ್ಲುತ್ತದೆ. ಇಪ್ಪತ್ತು ವರ್ಷದಿಂದ ಗಾಡಿಗಳ ವಯರಿಂಗ್ ಮಾಡುತ್ತಿದ್ದೇನೆ. ಕಪ್ಪಾದ ವಯರಿಗೆ ಸೋಲ್ಡರ್ ಹಿಡಿಯದಿದ್ದರೆ ಒಂದು ಹನಿ ಆ್ಯಸಿಡ್ ಹಾಕಿ, ಕ್ಷಣದಲ್ಲಿ ಶುಭ್ರವಾಗುತ್ತದೆ. ಜೋಡಣೆ ಗುಂಡಗೆ ಕಾಣುವಷ್ಟು ಸೋಲ್ಡರ್ ತುಂಬಿಸಿ, ಮೇಲೆ ಸ್ಲೀವ್ ಏರಿಸಿ ಲೈಟರ್ ತೋರಿಸಿ. ಮುಗಿಯಿತು.

ಅಂಕೋಲೆಯ ರೇಡಿಯೊ ರಿಪೇರಿ · ಜುಲೈ 6, ರಾತ್ರಿ

ಟೇಪಿನ ವಿಷಯದಲ್ಲಿ ಕುಮಟೆಯವರ ಮಾತು ಸರಿ. ಆ್ಯಸಿಡ್ ವಿಷಯದಲ್ಲಿ ಮಾತ್ರ ಅವರ ಮಾತು ಕೇಳಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಬೈತಖೋಲದ ತಮ್ಮಾ, ನಿನ್ನ ಜೋಡಣೆಯನ್ನು ತಿಂದದ್ದರಲ್ಲಿ ಸಮುದ್ರದ ಪಾಲು ಎಷ್ಟಿದೆಯೋ ಆ ಡಬ್ಬಿಯ ಪೇಸ್ಟಿನ ಪಾಲೂ ಅಷ್ಟೇ ಇರಬಹುದು. ಡಬ್ಬಿಯ ಮೇಲೆ ಏನು ಬರೆದಿದೆ ನೋಡು. ಜಿಂಕ್ ಕ್ಲೋರೈಡ್ ಇರುವ ಪೇಸ್ಟ್ ತಗಡು, ಪೈಪು ಬೆಸೆಯುವುದಕ್ಕೆ ಇರುವಂಥದ್ದು. ಆ ಕೆಲಸದಲ್ಲಿ ಬೆಸೆದ ಮೇಲೆ ನೀರು ಹಾಕಿ ತೊಳೆಯುತ್ತಾರೆ. ವಯರಿನ ಎಳೆಗಳ ನಡುವೆ ಹೊಕ್ಕದ್ದನ್ನು ತೊಳೆಯುವುದು ಹೇಗೆ? ಅದು ಅಲ್ಲೇ ಉಳಿದು ಗಾಳಿಯ ತೇವವನ್ನು ಹೀರಿಕೊಳ್ಳುತ್ತಾ ತಾಮ್ರವನ್ನು ದಿನವೂ ತಿನ್ನುತ್ತದೆ. ಅದರ ಮೇಲೆ ಒಳ್ಳೆಯ ಸ್ಲೀವ್ ಹಾಕಿದರೆ ಆ್ಯಸಿಡ್ಡನ್ನು ಒಳಗಿಟ್ಟು ಬಾಗಿಲು ಹಾಕಿದಂತೆ.

ವಯರಿನ ಬೆಸುಗೆಗೆ ನಡುವೆ ರೋಸಿನ್ ತುಂಬಿರುವ ಸೋಲ್ಡರ್ ತಂತಿಯೇ ಸಾಕು. 60 ಪಾಲು ತವರ, 40 ಪಾಲು ಸೀಸ ಇರುವುದನ್ನು ಕೊಳ್ಳು. ಬೇರೆ ಪೇಸ್ಟ್ ಬೇಡ. ರೋಸಿನ್ ಸಾಲದೆ ಸೋಲ್ಡರ್ ಹಿಡಿಯುವುದಿಲ್ಲ ಎಂದಾದರೆ ಆ ತಾಮ್ರ ಬೆಸೆಯುವ ಸ್ಥಿತಿಯಲ್ಲಿ ಇಲ್ಲ ಎಂದೇ ಅರ್ಥ.

ಮುಂದಿನದ್ದು ಬರೆಯುವ ಮೊದಲು ಒಂದು ವಿಷಯ ತಿಳಿಯಬೇಕು. ವಯರನ್ನು ಹಿಂದಕ್ಕೆ ಎರಡೆರಡು ಸೆಂಟಿಮೀಟರ್ ಕತ್ತರಿಸುತ್ತಾ ಹೋಗು. ತಾಮ್ರ ಎಲ್ಲಿ ಹೊಳೆಯುವ ಕೆಂಪಾಗುತ್ತದೆ?

ಶಿರಸಿ ಅಡಿಕೆ ತೋಟ · ಜುಲೈ 7, ಬೆಳಗ್ಗೆ

ಇದೇ ಸಮಸ್ಯೆ ನಮ್ಮಲ್ಲೂ ಇದೆ. ತೋಟದ ಪಂಪ್ ಮನೆಗೆ ಕಂಬದಿಂದ ಬರುವ ಸರ್ವಿಸ್ ವಯರ್ ಮಳೆಗೆ ಮರ ಬಿದ್ದು ತುಂಡಾಯಿತು. ಹೊಸೆದು ಸೋಲ್ಡರ್ ಹಾಕಲು ನೋಡಿದೆ. ಎಷ್ಟು ಕಾಯಿಸಿದರೂ ಸೋಲ್ಡರ್ ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳಿ ಬೀಳುತ್ತದೆ. 60 ವ್ಯಾಟಿನ ಐರನ್ ತಂದರೆ ಹಿಡಿಯುತ್ತದೆಯೇ? ಅದಕ್ಕೆ ಎಷ್ಟು ಅಗಲದ ಸ್ಲೀವ್ ಬೇಕು?

ಅಂಕೋಲೆಯ ರೇಡಿಯೊ ರಿಪೇರಿ · ಜುಲೈ 7, ಬೆಳಗ್ಗೆ

ನಿಮ್ಮದು ಬೇರೆಯೇ ವಿಷಯ ಭಟ್ಟರೇ, ದಯವಿಟ್ಟು ಇದರ ಜೊತೆ ಸೇರಿಸಬೇಡಿ. ಸರ್ವಿಸ್ ವಯರ್ ಸಾಮಾನ್ಯವಾಗಿ ಅಲ್ಯೂಮಿನಿಯಂ. ಅದನ್ನು ಕೆರೆದ ಕ್ಷಣದಲ್ಲೇ ಮೇಲೆ ಆಕ್ಸೈಡಿನ ಪೊರೆ ಮತ್ತೆ ಕಟ್ಟುತ್ತದೆ, ರೋಸಿನ್ನಿಗೆ ಅದನ್ನು ಬಿಡಿಸುವ ಶಕ್ತಿ ಇಲ್ಲ. ಐರನ್ ಎಷ್ಟು ವ್ಯಾಟಿನದಾದರೂ ಅಷ್ಟೇ. ತಾಮ್ರದ ವಯರನ್ನು ಅದಕ್ಕೆ ನೇರವಾಗಿ ಸುತ್ತುವುದೂ ತಪ್ಪು, ಮಳೆ ನೀರು ತಾಗಿದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಎರಡೂ ಲೋಹಕ್ಕೆ ಹೊಂದುವ ಒತ್ತು ಕನೆಕ್ಟರ್ ಬೇರೆ ಇದೆ. ಅದಕ್ಕಿಂತ ಮೊದಲ ಮಾತು, ಕಂಬದಿಂದ ಮೀಟರಿನವರೆಗಿನ ವಯರನ್ನು ನೀವು ಮುಟ್ಟುವಂತಿಲ್ಲ. ಲೈನ್‌ಮನ್‌ಗೆ ಹೇಳಿ.

ಬೈತಖೋಲ ಬಂದರು · ಜುಲೈ 7, ಮಧ್ಯಾಹ್ನ

ಅಣ್ಣಾ, ನೀವು ಹೇಳಿದಂತೆ ಕತ್ತರಿಸಿದೆ. ಪಂಪಿನ ಕಡೆಯ ವಯರ್ 8 ಸೆಂಟಿಮೀಟರ್ ಆದ ಮೇಲೆ ಕೆಂಪಾಗಿ ಸಿಕ್ಕಿತು. ದೋಣಿಯ ಕಡೆಯದು ಒಂದು ಮೊಳ ಕತ್ತರಿಸಿದರೂ ಕಪ್ಪೇ. ಹೊದಿಕೆ ಹೊರಗಿನಿಂದ ಹೊಸದರಂತೆ ಇದೆ, ಎಲ್ಲೂ ಸೀಳಿಲ್ಲ.

ಪೇಸ್ಟ್ ಡಬ್ಬಿಯ ಮೇಲಿನ ಅಕ್ಷರ ಅಳಿಸಿಹೋಗಿದೆ.

ಕತ್ತರಿಸುವ ಮುಂಚೆ ಮೀಟರ್ ಹಿಡಿದಿದ್ದೆ. ಪಂಪ್ ಓಡುವಾಗ ಬ್ಯಾಟರಿಯಲ್ಲಿ 12.5 ವೋಲ್ಟ್, ಪಂಪಿನ ಬಳಿ 10.8. ಜೋಡಣೆಯ ಈಚೆಗೊಂದು ಆಚೆಗೊಂದು ಮುಳ್ಳು ಚುಚ್ಚಿದಾಗ 1.1 ವೋಲ್ಟ್ ತೋರಿಸಿತು. ಪಂಪ್ ಎಳೆಯುವುದು ಸುಮಾರು 3 ಆಂಪಿಯರ್.

ಅಂಕೋಲೆಯ ರೇಡಿಯೊ ರಿಪೇರಿ · ಜುಲೈ 7, ರಾತ್ರಿ

ಈ ಅಳತೆ ತೆಗೆದದ್ದು ತುಂಬಾ ಒಳ್ಳೆಯದಾಯಿತು. ಕಳೆದುಹೋದ 1.7 ವೋಲ್ಟಿನಲ್ಲಿ 1.1 ಆ ಒಂದು ಗಂಟಿನಲ್ಲೇ ಹೋಗುತ್ತಿತ್ತು. 3 ಆಂಪಿಯರಿಗೆ ಅದು ಮೂರು ವ್ಯಾಟಿಗಿಂತ ಹೆಚ್ಚಿನ ಬಿಸಿ, ಬೆರಳಿನ ಗೆಣ್ಣಿನಷ್ಟು ಜಾಗದಲ್ಲಿ. ಬಿಸಿಯಾಗಿ ಟೇಪಿನ ಅಂಟು ಬಿಡುವುದು, ತಣ್ಣಗಾಗುವಾಗ ತೇವವನ್ನು ಒಳಗೆಳೆದುಕೊಳ್ಳುವುದು, ಹೀಗೆ ನಡೆದಿದೆ. ಉಳಿದ 0.6ರಲ್ಲಿ ಸ್ವಿಚ್, ಫ್ಯೂಸ್, ಕಪ್ಪಾದ ವಯರ್ ಎಲ್ಲವೂ ಸೇರಿವೆ.

ಒಂದು ಮೊಳ ಒಳಗೂ ಕಪ್ಪಾಗಿದೆ ಎಂದರೆ ಉಪ್ಪುನೀರು ಬತ್ತಿಯಲ್ಲಿ ಎಣ್ಣೆ ಏರಿದಂತೆ ಎಳೆಗಳ ನಡುವೆ ಏರಿದೆ. ಹೊದಿಕೆ ಚೆನ್ನಾಗಿದ್ದರೂ ಇದು ನಿಲ್ಲುವುದಿಲ್ಲ, ತುದಿ ತೆರೆದಿದ್ದರೆ ಸಾಕು. ಆ ವಯರನ್ನು ತೆಗೆದು ಎಸೆ. ಹೊಸದಾಗಿ 1.5 ಚದರ ಮಿಲಿಮೀಟರಿನ ತವರ ಲೇಪಿಸಿದ ತಾಮ್ರದ ವಯರ್ ತಾ. ಎಳೆಗಳು ಬೆಳ್ಳಗೆ ಕಾಣುತ್ತವೆ, ಬೆಲೆ ಹೆಚ್ಚು, ಆದರೆ ಉಪ್ಪಿನ ಜಾಗಕ್ಕೆ ಅದೇ ಆಗಬೇಕು. ಸ್ವಿಚ್ಚಿನ ಕಡೆಯ ತುದಿಯನ್ನೂ ಮುಚ್ಚಬೇಕು, ಇಲ್ಲವಾದರೆ ಇಲ್ಲಿ ಎಷ್ಟು ಚೆಂದ ಬೆಸೆದರೂ ಆ ಕಡೆಯಿಂದ ತೇವ ಬರುತ್ತದೆ.

ಈಗ ಬೆಸುಗೆ. ಮೊದಲು ಬ್ಯಾಟರಿಯ ವಯರ್ ಬಿಚ್ಚು. ಆಮೇಲೆ ಮಾಡಬೇಕಾದ ಮೊದಲ ಕೆಲಸ ಸ್ಲೀವನ್ನು ವಯರಿಗೆ ಪೋಣಿಸುವುದು. ಇದನ್ನು ಮರೆತು ಬೆಸೆದ ಮೇಲೆ ಮತ್ತೆ ಕತ್ತರಿಸದವರು ಈ ಕೆಲಸದಲ್ಲಿ ಯಾರೂ ಇಲ್ಲ. ಪೋಣಿಸಿದ್ದನ್ನು ಒಂದು ಗೇಣು ದೂರ ಸರಿಸಿಡು. ಹತ್ತಿರವೇ ಬಿಟ್ಟರೆ ತಾಮ್ರದಲ್ಲಿ ಹರಿದು ಬರುವ ಬಿಸಿಗೆ ಅದು ಅಲ್ಲೇ ಕುಗ್ಗಿ ಕಚ್ಚಿಕೊಳ್ಳುತ್ತದೆ.

ಎರಡೂ ತುದಿಗಳ ಹೊದಿಕೆಯನ್ನು 20 ಮಿಲಿಮೀಟರ್ ಬಿಡಿಸು. ಬ್ಲೇಡಿನಿಂದ ಎಳೆ ಗೀರಿದರೆ ಅಲ್ಲಿಯೇ ತುಂಡಾಗುತ್ತದೆ, ಎಚ್ಚರ. ಎರಡನ್ನೂ ಅಡ್ಡಹಾಯಿಸಿ, ಒಂದರ ತುದಿಯನ್ನು ಇನ್ನೊಂದರ ಮೇಲೆ ಬಿಗಿಯಾಗಿ ಸುತ್ತು, ಎರಡನೆಯದನ್ನು ಎದುರು ದಿಕ್ಕಿನಲ್ಲಿ ಸುತ್ತು. ವಯರ್ ನೇರವಾಗಿ ಮುಂದುವರಿದಂತೆ ಕಾಣಬೇಕು. ನೀನು ಮಾಡಿದಂತೆ ಎರಡೂ ತುದಿಗಳನ್ನು ಜೊತೆಯಾಗಿ ಹಿಡಿದು ಹೊಸೆದರೆ ಜಡೆಯ ಹಾಗೆ ಒಂದು ಬದಿಗೆ ನಿಲ್ಲುತ್ತದೆ. ಸ್ಲೀವಿನ ಬಾಯಲ್ಲಿ ಎರಡು ವಯರ್ ಪಕ್ಕಪಕ್ಕ ಹೊರಬಂದರೆ ಅವುಗಳ ನಡುವಿನ ಸಂದು ಮುಚ್ಚುವುದೇ ಇಲ್ಲ. ಬೆಸೆಯುವ ಮೊದಲು ಎಳೆದು ನೋಡು, ಬರಿಯ ಸುತ್ತಿನ ಮೇಲೆಯೇ ಅದು ನಿಲ್ಲಬೇಕು.

25 ವ್ಯಾಟಿನ ಐರನ್ ಈ ವಯರಿಗೆ ಸಾಲದು. ಚಿಕ್ಕ ಐರನ್ ವಯರಿಗೆ ಮೃದು ಎಂದು ತುಂಬಾ ಜನ ತಿಳಿದಿದ್ದಾರೆ, ನಡೆಯುವುದು ಅದರ ಉಲ್ಟಾ. ಅದು ಜೋಡಣೆಯನ್ನು ಕಾಯಿಸುವಷ್ಟರಲ್ಲಿ ಅರ್ಧ ನಿಮಿಷ ಆಗುತ್ತದೆ, ಅಷ್ಟು ಹೊತ್ತಿಗೆ ಬಿಸಿ ಎರಡೂ ಕಡೆಗೆ ಓಡಿ ಪಿವಿಸಿ ಹೊದಿಕೆ ಕರಗಿ ಹಿಂದೆ ಸರಿಯುತ್ತದೆ. 60 ವ್ಯಾಟಿನದು, ಅಗಲ ತುದಿಯದು ತೆಗೆದುಕೋ. ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿ, ಒಂದು ಚೂರು ಸೋಲ್ಡರ್ ತಾಗಿಸಿ, ಆ ಹಸಿ ಮುಖವನ್ನು ಜೋಡಣೆಯ ಕೆಳಗೆ ಒತ್ತಿ ಹಿಡಿ. ಸೋಲ್ಡರ್ ತಂತಿಯನ್ನು ಐರನ್ನಿಗೆ ಮುಟ್ಟಿಸದೆ ಮೇಲಿನ ಬದಿಯಲ್ಲಿ ತಾಮ್ರಕ್ಕೆ ತಾಗಿಸು. ತಾಮ್ರವೇ ಅದನ್ನು ಕರಗಿಸಬೇಕು. ಈ ಸೋಲ್ಡರ್ ಪೂರ್ತಿ ಕರಗುವುದು 190 ಡಿಗ್ರಿಯ ಹತ್ತಿರ. ಅಷ್ಟು ಕಾದ ತಾಮ್ರ ಅದನ್ನು ಹೀರಿ ಎಳೆಗಳ ಸಂದಿಗೆ ಕೊಂಡೊಯ್ಯುವುದು ಕಣ್ಣಿಗೆ ಕಾಣುತ್ತದೆ. ನೀನು ಐರನ್ನಿನಲ್ಲಿ ಕರಗಿಸಿ ಹನಿಸಿದ್ದು ತಣ್ಣನೆಯ ತಾಮ್ರದ ಮೇಲೆ ಮೇಣ ಬಿದ್ದಂತೆ ಕೂತಿತ್ತು, ಅದರ ಕೆಳಗೆ ಉಪ್ಪುನೀರು ಸಲೀಸಾಗಿ ಓಡಾಡಿದೆ.

ಎಷ್ಟು ಸೋಲ್ಡರ್ ಹಾಕಬೇಕು ಎಂದರೆ, ಮುಗಿದ ಮೇಲೂ ಸುತ್ತಿನ ಎಳೆಗಳು ಬೆಳ್ಳಿಯ ತೆಳು ಪದರದ ಕೆಳಗೆ ಒಂದೊಂದಾಗಿ ಎಣಿಸಲು ಸಿಗಬೇಕು. ಗುಂಡಗಾದರೆ ಹೆಚ್ಚಾಯಿತು. ಐರನ್ ತೆಗೆದ ಮೇಲೆ ನಾಲ್ಕೈದು ಸೆಕೆಂಡ್ ಉಸಿರು ಹಿಡಿದಂತೆ ಅಲುಗಾಡಿಸದೆ ಹಿಡಿದಿರು. ಗಟ್ಟಿಯಾಗುವಾಗ ಅಲುಗಿದರೆ ಹೊಳಪು ಹೋಗಿ ಮರಳಿನಂತೆ ಮಂಕಾಗುತ್ತದೆ. ಹಾಗಾದರೆ ಮತ್ತೆ ಕಾಯಿಸು, ಸ್ವಲ್ಪ ಹೊಸ ಸೋಲ್ಡರ್ ಸೇರಿಸು. ತೆರೆದ ಜಾಗದಲ್ಲಿ ಮಾಡು, ಹೊಗೆಗೆ ಮುಖ ಒಡ್ಡಬೇಡ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡ.

ಕುಮಟಾ ಆಟೊ ವಯರಿಂಗ್ · ಜುಲೈ 8, ಬೆಳಗ್ಗೆ

ಆ್ಯಸಿಡ್ ಹಾಕಿದ ನನ್ನ ಜೋಡಣೆಗಳು ಗಾಡಿಗಳಲ್ಲಿ ವರ್ಷಗಟ್ಟಲೆ ನಿಂತಿವೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅವು ಸೀಟಿನ ಕೆಳಗೆ ಒಣಗಿ ಇರುವಂಥವು. ದೋಣಿಯ ತಳಕ್ಕೆ ಆ ಮಾತು ಹೊಂದುವುದಿಲ್ಲ, ಒಪ್ಪುತ್ತೇನೆ.

ಆದರೆ ಒಂದು ಮಾತು ಯಾರೂ ಹೇಳಲಿಲ್ಲ. ಬೆಸುಗೆ ಹಾಕಿದ ವಯರ್ ಬೆಸುಗೆಯಲ್ಲಿ ಮುರಿಯುವುದಿಲ್ಲ, ಬೆಸುಗೆ ಮುಗಿಯುವ ಗೆರೆಯಲ್ಲಿ ಮುರಿಯುತ್ತದೆ. ಸೋಲ್ಡರ್ ಹೊದಿಕೆಯ ಒಳಕ್ಕೆ ಹರಿದು ಅಲ್ಲಿಯವರೆಗೆ ಕಡ್ಡಿಯಂತೆ ಗಟ್ಟಿ, ಅದರಾಚೆ ಮೃದು. ಎಂಜಿನ್ನಿನ ನಡುಕ ಅಲ್ಲಿಯೇ ಬಡಿಯುತ್ತದೆ. ರಿಕ್ಷಾಗಳಲ್ಲಿ ಇಂಥವನ್ನು ವಾರಕ್ಕೊಂದು ನೋಡುತ್ತೇನೆ. ಜೋಡಣೆಯ ಎರಡೂ ಬದಿಗೆ ವಯರನ್ನು ಕಟ್ಟಿ ನಿಲ್ಲಿಸಬೇಕು.

ಅಂಕೋಲೆಯ ರೇಡಿಯೊ ರಿಪೇರಿ · ಜುಲೈ 8, ಬೆಳಗ್ಗೆ

ಇದು ಪೂರಾ ಸರಿ, ನಾನು ಬಿಟ್ಟದ್ದು ತಪ್ಪು. ಸೋಲ್ಡರ್ ಹೊದಿಕೆಯ ಅಂಚಿಗಿಂತ ಎರಡು ಮಿಲಿಮೀಟರ್ ಹಿಂದೆಯೇ ನಿಲ್ಲುವಂತೆ ನೋಡಿಕೊಳ್ಳಬೇಕು. ನಡುವಿನಲ್ಲಿ ಕಾಯಿಸಿ, ಬೇಗ ಮುಗಿಸಿದರೆ ನಿಲ್ಲುತ್ತದೆ. ಎರಡೂ ಬದಿಗೆ ಕ್ಲಿಪ್ ಹಾಕಿ ಕಟ್ಟುವುದನ್ನು ಮರೆಯಬೇಡ ತಮ್ಮಾ.

ಹಡಗಿನ ಎಲೆಕ್ಟ್ರಿಷಿಯನ್, ಸದಾಶಿವಗಡ · ಜುಲೈ 8, ಸಂಜೆ

ಹದಿನಾಲ್ಕು ವರ್ಷ ಹಡಗಿನಲ್ಲಿ ದುಡಿದವನಾಗಿ ಹೇಳುತ್ತೇನೆ, ಇಲ್ಲಿ ಬೆಸುಗೆಯೇ ಬೇಡ. ತವರ ಲೇಪಿಸಿದ ಒತ್ತು ಜೋಡಕ ಹಾಕಿ, ಸರಿಯಾದ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿ, ಮೇಲೆ ಅಂಟು ಇರುವ ಸ್ಲೀವ್ ಹಾಕಿ. ಅಮೆರಿಕದ ದೋಣಿ ಮಂಡಳಿಯ ನಿಯಮಾವಳಿಯಲ್ಲೂ ದೋಣಿಯ ವಯರಿಗೆ ಸೋಲ್ಡರ್ ಒಂದೇ ಆಧಾರವಾಗಬಾರದು ಎಂದಿದೆ. ಕುಮಟೆಯವರು ಹೇಳಿದ ಮುರಿತವೇ ಅದಕ್ಕೆ ಕಾರಣ.

ಸ್ಲೀವ್ ವಿಷಯಕ್ಕೆ ಯಾರೂ ಇನ್ನೂ ಬಂದಿಲ್ಲ, ಹಾಗಾಗಿ ಬರೆಯುತ್ತೇನೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ತೆಳು ಸ್ಲೀವ್ ಅರ್ಧಕ್ಕೆ ಕುಗ್ಗುತ್ತದೆ, ಒಳಗೆ ಅಂಟು ಇರುವುದಿಲ್ಲ. ಅದು ವಿದ್ಯುತ್ ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ. ಒಳಮೈಯಲ್ಲಿ ಅಂಟಿನ ಪದರ ಇರುವ ದಪ್ಪ ಸ್ಲೀವ್ ಕೇಳಿ ತನ್ನಿ. ಅದು ಮೂರನೇ ಒಂದಕ್ಕೆ ಕುಗ್ಗುತ್ತದೆ. ನಿಮ್ಮ ವಯರ್ ಹೊದಿಕೆ ಸೇರಿ ಸುಮಾರು 3 ಮಿಲಿಮೀಟರ್ ದಪ್ಪ. 6 ಮಿಲಿಮೀಟರಿನ ತೆಳು ಸ್ಲೀವ್ ಪೂರ್ತಿ ಕುಗ್ಗಿದರೆ 3 ಆಗುತ್ತದೆ, ಅಂದರೆ ವಯರನ್ನು ಮುಟ್ಟಿಯಷ್ಟೇ ನಿಲ್ಲುತ್ತದೆ, ಹಿಡಿಯುವುದಿಲ್ಲ. ಅಂಟಿರುವ 6 ಮಿಲಿಮೀಟರಿನದು 2ರವರೆಗೆ ಕುಗ್ಗಬಲ್ಲದು, ಆದ್ದರಿಂದ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ.

ಉದ್ದವೂ ಮುಖ್ಯ. ಬೆತ್ತಲೆ ತಾಮ್ರ 25 ಮಿಲಿಮೀಟರ್ ಇದ್ದರೆ ಎರಡೂ ಕಡೆ ಹೊದಿಕೆಯ ಮೇಲೆ 12 ಮಿಲಿಮೀಟರ್ ಹತ್ತಬೇಕು. ಅಲ್ಲಿಗೆ 49 ಆಯಿತು. ಕಾಯಿಸಿದಾಗ ಉದ್ದವೂ ಸ್ವಲ್ಪ ಕಡಿಮೆಯಾಗುವುದರಿಂದ 55 ಕತ್ತರಿಸಿ. ಬೆಸೆದ ಜಾಗವನ್ನೂ ಪಕ್ಕದ ಹೊದಿಕೆಯನ್ನೂ ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿ ಒಣಗಿಸಿ. ರೋಸಿನ್ ಅಥವಾ ಡೀಸೆಲ್ ಮೆತ್ತಿದ ಮೈಗೆ ಅಂಟು ಕಚ್ಚುವುದಿಲ್ಲ.

ಲೈಟರ್ ಬೇಡ. ಜ್ವಾಲೆ ಮುಟ್ಟಿದ ಒಂದು ಬದಿ ಸುಟ್ಟು, ಇನ್ನೊಂದು ಬದಿಯ ಅಂಟು ಕರಗದೆ ಉಳಿಯುತ್ತದೆ. ದೋಣಿಯಲ್ಲಿ ಡೀಸೆಲ್ ಆವಿಯೂ, ಚಾರ್ಜ್ ಆಗುವ ಬ್ಯಾಟರಿಯ ಗ್ಯಾಸೂ ಇರುತ್ತವೆ. ಹೀಟ್ ಗನ್ ಯಾರಿಂದಾದರೂ ತಂದು, ನಡುವಿನಿಂದ ಆರಂಭಿಸಿ ಒಂದು ತುದಿಗೆ, ಮತ್ತೆ ನಡುವಿನಿಂದ ಇನ್ನೊಂದು ತುದಿಗೆ, ವಯರನ್ನು ತಿರುಗಿಸುತ್ತಾ ಹೋಗಿ. ತುದಿಗಳಿಂದ ಆರಂಭಿಸಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಸ್ಲೀವ್ ಕುಗ್ಗಿದ ಕೂಡಲೇ ನಿಲ್ಲಿಸಬೇಡಿ. ಎರಡೂ ಬಾಯಿಗಳಲ್ಲಿ ಅಂಟು ಸುತ್ತಲೂ ಸಣ್ಣ ಉಂಗುರದಂತೆ ಹೊರಬರುವವರೆಗೆ ಕಾಯಿಸಿ. ಆ ಉಂಗುರ ಕಂಡರೆ ಮುಚ್ಚಿದೆ, ಕಾಣದಿದ್ದರೆ ಮುಚ್ಚಿಲ್ಲ.

ಅಂಕೋಲೆಯ ರೇಡಿಯೊ ರಿಪೇರಿ · ಜುಲೈ 8, ರಾತ್ರಿ

ಸ್ಲೀವ್ ವಿಷಯದಲ್ಲಿ ಒಂದಕ್ಷರವೂ ಬದಲಿಸಬೇಕಾಗಿಲ್ಲ. ಬೆಸುಗೆಯೇ ಬೇಡ ಎಂಬುದನ್ನು ಮಾತ್ರ ಒಪ್ಪಲಾರೆ. ನಿಮ್ಮ ಹಡಗಿನಲ್ಲಿ ಪ್ರತಿ ಅಳತೆಗೆ ತಕ್ಕ ಒತ್ತುವ ಟೂಲ್ ಇತ್ತು. ಇಲ್ಲಿ ಕಟಿಂಗ್ ಪ್ಲೇಯರಿನಿಂದ ಚಪ್ಪಟೆ ಮಾಡಿ ಕ್ರಿಂಪ್ ಎನ್ನುತ್ತಾರೆ. ಅಂಥದ್ದು ಎಳೆದರೆ ಕೈಗೆ ಬರುತ್ತದೆ. ಗಟ್ಟಿಯಾಗಿ ಸುತ್ತಿ ಬೆಸೆದು, ಎರಡೂ ಬದಿ ಕಟ್ಟಿದ ವಯರಿನಲ್ಲಿ ಭಾರವನ್ನು ಸುತ್ತು ಹೊರುತ್ತದೆ, ಸೋಲ್ಡರ್ ಹೊರುವುದಿಲ್ಲ.

ಹಡಗಿನ ಎಲೆಕ್ಟ್ರಿಷಿಯನ್, ಸದಾಶಿವಗಡ · ಜುಲೈ 8, ರಾತ್ರಿ

ಪ್ಲೇಯರಿನಿಂದ ಒತ್ತುವುದಾದರೆ ಬೆಸುಗೆಯೇ ಮೇಲು, ನಿಜ. ಟೂಲ್ ಇದ್ದರೆ ನನ್ನ ಮಾತು ನನ್ನದೇ. ತಮ್ಮಾ, ನನ್ನ ಟೂಲ್ ಮನೆಯಲ್ಲಿದೆ, ಭಾನುವಾರ ಕಾಳಿ ಸೇತುವೆ ದಾಟಿ ಬಾ.

ಪಾಲಿಟೆಕ್ನಿಕ್ ವಿದ್ಯಾರ್ಥಿನಿ · ಜುಲೈ 9, ಮಧ್ಯಾಹ್ನ

ಒಂದು ಅನುಮಾನ ಸರ್. ಎಲ್ಲ ಮುಗಿದ ಮೇಲೆ ಒಳಗಿನ ಬೆಸುಗೆ ಸರಿಯಾಗಿದೆಯೇ ಎಂದು ಮೀಟರಿನ ಬಜರ್ ಹಾಕಿ ನೋಡಿದರೆ ಸಾಲದೇ?

ಅಂಕೋಲೆಯ ರೇಡಿಯೊ ರಿಪೇರಿ · ಜುಲೈ 9, ಸಂಜೆ

ಸಾಲದಮ್ಮಾ. ಒಂದೇ ಎಳೆ ತಾಗಿದ್ದರೂ ಬಜರ್ ಕೂಗುತ್ತದೆ. ಆ 1.1 ವೋಲ್ಟ್ ತಿನ್ನುತ್ತಿದ್ದ ಕೆಟ್ಟ ಗಂಟನ್ನು ಲೆಕ್ಕ ಹಾಕಿದರೆ ಅರ್ಧ ಓಮ್ ಕೂಡ ಇಲ್ಲ, ಬಜರ್ ಅದಕ್ಕೂ ಕೂಗುತ್ತಿತ್ತು. ಪಂಪ್ ಓಡುತ್ತಿರುವಾಗಲೇ ಜೋಡಣೆಯ ಎರಡೂ ಬದಿಗೆ ಮುಳ್ಳು ಇಟ್ಟು ಮಿಲಿವೋಲ್ಟಿನಲ್ಲಿ ಅಳೆಯಬೇಕು. ಅದೂ ಸ್ಲೀವ್ ಕುಗ್ಗಿಸುವ ಮೊದಲು, ಬೆತ್ತಲೆ ತಾಮ್ರದ ಮೇಲೆ. ಆಮೇಲೆ ಮುಳ್ಳು ಚುಚ್ಚಿದರೆ ಹೊದಿಕೆಯಲ್ಲಿ ತೂತು ಮಾಡಿ ನೀರಿಗೆ ನಾವೇ ದಾರಿ ತೋರಿಸಿದಂತೆ.

ಬೈತಖೋಲ ಬಂದರು · ಜುಲೈ 14, ಸಂಜೆ

ಕೆಲಸ ಮುಗಿಯಿತು. ಹೊಸ ಬಿಳಿ ಎಳೆಯ ವಯರ್ ಎಳೆದೆ. ದೋಣಿಯ ಮೇಲೆ ಗಾಳಿ ಬೀಸಿ ಐರನ್ ತಣ್ಣಗಾಗುತ್ತಿದ್ದುದರಿಂದ ತಾಡಪತ್ರಿ ಕಟ್ಟಿಕೊಂಡು ಬೆಸೆದೆ. ಮೊದಲನೆಯದು ಮಂಕಾಯಿತು, ಕತ್ತರಿಸಿ ಮತ್ತೆ ಮಾಡಿದೆ. ಎರಡನೆಯ ಸಲ ಸೋಲ್ಡರ್ ತಾಮ್ರದೊಳಗೆ ಇಳಿದದ್ದು ಕಣ್ಣಿಗೆ ಕಂಡಿತು, ಅಷ್ಟು ದಿನ ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಇಬ್ಬರು ಹಿರಿಯರ ಮಾತನ್ನೂ ಇಟ್ಟುಕೊಂಡಿದ್ದೇನೆ. ಪಾಸಿಟಿವ್ ವಯರ್ ಬೆಸೆದದ್ದು, ನೆಗೆಟಿವ್ ವಯರ್ ಸದಾಶಿವಗಡದ ಟೂಲಿನಲ್ಲಿ ಒತ್ತಿದ್ದು. ಎರಡೂ ಒಂದೇ ಕಡೆ ಬಾರದಂತೆ 5 ಸೆಂಟಿಮೀಟರ್ ಹಿಂದೆ ಮುಂದೆ ಇಟ್ಟಿದ್ದೇನೆ, ನೀರಿನ ಮಟ್ಟಕ್ಕಿಂತ ಮೇಲೆ ಕ್ಲಿಪ್ ಹಾಕಿ ಕಟ್ಟಿದ್ದೇನೆ. ಸ್ಲೀವ್ ಕುಗ್ಗಿಸುವ ಮೊದಲು ಅಳೆದಾಗ ಬೆಸೆದದ್ದರಲ್ಲಿ 2 ಮಿಲಿವೋಲ್ಟ್, ಒತ್ತಿದ್ದರಲ್ಲಿ 3. ಪಂಪಿನ ಬಳಿ ಈಗ 12.1 ವೋಲ್ಟ್ ಬರುತ್ತಿದೆ. ನಾಲ್ಕು ಬಾಯಿಗಳಲ್ಲಿ ಮೂರಕ್ಕೆ ಅಂಟಿನ ಉಂಗುರ ಪೂರ್ತಿ ಬಂದಿದೆ. ಪಾಸಿಟಿವ್ ವಯರಿನ ಪಂಪ್ ಕಡೆಯ ಬಾಯಿಯಲ್ಲಿ ಕೆಳಬದಿಗೆ ಮಾತ್ರ ಬಂದಿಲ್ಲ. ಎಲ್ಲ ಕಟ್ಟಿಯಾದ ಮೇಲೆ ನೋಡಿದೆ. ಹಾಗೇ ಬಿಡಬಹುದೇ?

ಹಡಗಿನ ಎಲೆಕ್ಟ್ರಿಷಿಯನ್, ಸದಾಶಿವಗಡ · ಜುಲೈ 14, ರಾತ್ರಿ

ಬಿಡಬೇಡ. ಕ್ಲಿಪ್ ಬಿಚ್ಚಿ ಆ ಬದಿಗೆ ಮತ್ತೆ ಹೀಟ್ ಗನ್ ಹಿಡಿ, ಅಂಟು ಮತ್ತೆ ಕರಗುತ್ತದೆ. ಆಗಲೂ ಬಾರದಿದ್ದರೆ ಅಲ್ಲಿ ಎಣ್ಣೆ ಇದೆ, ಸ್ಲೀವ್ ಸೀಳಿ ತೆಗೆದು ಒರೆಸಿ ಹೊಸದು ಹಾಕು. ಸೀಳಿದ ಮೇಲೆ ಹೊಸ ಸ್ಲೀವನ್ನು ಯಾವ ತುದಿಯಿಂದ ಪೋಣಿಸುತ್ತೀಯ ಎಂಬುದನ್ನು ಮೊದಲೇ ಯೋಚಿಸಿಕೋ. ಸ್ವಿಚ್ಚಿನ ಕಡೆಯಿಂದ ಬಿಚ್ಚಿದರೆ ಬೆಸುಗೆ ಕತ್ತರಿಸದೆ ಒಳಗೆ ತರಬಹುದು.